ಎಎಂಸಿ ಮೆಸೇಜು ಬಂದಾಗ ಮೊದಲು ನೀರನ್ನು ಅಳೆಯಿರಿ

‘ನಿಮ್ಮ ವಾಟರ್ ಪ್ಯೂರಿಫೈಯರ್‌ನ ಎಎಂಸಿ ಇನ್ನು 15 ದಿನಕ್ಕೆ ಮುಗಿಯುತ್ತದೆ. ಇಂದೇ ನವೀಕರಿಸಿ, ಹಬ್ಬದ ರಿಯಾಯಿತಿ ಪಡೆಯಿರಿ. ಎರಡು ಉಚಿತ ಸರ್ವಿಸ್, ಫಿಲ್ಟರ್ ಬದಲಾವಣೆ ಸೇರಿದೆ. ಷರತ್ತುಗಳು ಅನ್ವಯ.’

ಬೆಂಗಳೂರಿನಲ್ಲಿ ಆರ್‌ಓ ಯಂತ್ರ ಇಟ್ಟುಕೊಂಡಿರುವ ಮನೆಗಳಿಗೆ ಇಂಥ ಮೆಸೇಜು ಹೊಸತಲ್ಲ. ಮೊದಲು ಎಸ್ಸೆಮ್ಮೆಸ್, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬಣ್ಣದ ಪೋಸ್ಟರ್, ಕೊನೆಗೆ ಫೋನ್. ಇದನ್ನು ಕಳಿಸುವುದು ಕಂಪನಿಯ ಕಂಪ್ಯೂಟರಿನಲ್ಲಿರುವ ತಾರೀಖು. ಹೋದ ವರ್ಷ ಯಾವ ದಿನ ದುಡ್ಡು ಕಟ್ಟಿದಿರಿ ಎಂಬುದಷ್ಟೇ ಅದಕ್ಕೆ ಗೊತ್ತು. ನಿಮ್ಮ ಮನೆಗೆ ಬರುವುದು ಕಾವೇರಿಯೋ ಬೋರ್‌ವೆಲ್ಲೋ ಟ್ಯಾಂಕರೋ, ಮನೆಯಲ್ಲಿ ಇರುವವರು ಇಬ್ಬರೋ ಆರು ಜನವೋ, ಅದಕ್ಕೆ ತಿಳಿಯದು. ಫಿಲ್ಟರುಗಳು ಸವೆಯುವುದು ಮಾತ್ರ ಇವನ್ನೆಲ್ಲ ಅನುಸರಿಸಿಯೇ. ಆದ್ದರಿಂದ ನವೀಕರಿಸಬೇಕೇ, ನವೀಕರಿಸುವುದಾದರೆ ಯಾವ ಬಗೆಯ ಕರಾರು ತೆಗೆದುಕೊಳ್ಳಬೇಕು ಎಂಬುದಕ್ಕೆ ಉತ್ತರ ಮೆಸೇಜಿನಲ್ಲಿ ಸಿಗುವುದಿಲ್ಲ, ಅಡುಗೆಮನೆಯ ನಲ್ಲಿಯಲ್ಲಿ ಸಿಗುತ್ತದೆ.

ಯಂತ್ರದ ಒಳಗೆ ಏನಿದೆ ಎಂದು ಒಮ್ಮೆ ನೋಡೋಣ. ನೀರು ಮೊದಲು ಹಾಯುವುದು ಸೆಡಿಮೆಂಟ್ ಫಿಲ್ಟರಿನ ಮೂಲಕ. ಮಣ್ಣು, ಮರಳು, ತುಕ್ಕು ಅಲ್ಲಿ ನಿಲ್ಲುತ್ತವೆ. ಮುಂದಿನದು ಕಾರ್ಬನ್ ಫಿಲ್ಟರ್. ಅದು ವಾಸನೆಯನ್ನೂ ಕ್ಲೋರಿನ್ನನ್ನೂ ಹೀರಿಕೊಳ್ಳುತ್ತದೆ. ಆಮೇಲೆ ಸಣ್ಣ ಪಂಪು ಒತ್ತಡ ಏರಿಸಿ ನೀರನ್ನು ಮೆಂಬ್ರೇನಿಗೆ ನೂಕುತ್ತದೆ. ಕರಗಿದ ಲವಣಗಳನ್ನು ತಡೆಯುವುದು ಈ ಮೆಂಬ್ರೇನೇ, ಫಿಲ್ಟರುಗಳ ಪೈಕಿ ದುಬಾರಿಯದೂ ಇದೇ. ಬಹುತೇಕ ಯಂತ್ರಗಳಲ್ಲಿ ಇದರ ನಂತರ ಯುವಿ ದೀಪ ಇರುತ್ತದೆ, ಅದು ರೋಗಾಣುಗಳಿಗೆ.

ಈ ಕ್ರಮದಲ್ಲಿ ಒಂದು ಸಂಬಂಧವನ್ನು ಗ್ರಾಹಕರು ಅರಿತಿರಲೇಬೇಕು. ಇಂದಿನ ಮನೆಬಳಕೆಯ ಮೆಂಬ್ರೇನುಗಳಿಗೆ ಕ್ಲೋರಿನ್ ಆಗುವುದಿಲ್ಲ. ಕಾವೇರಿ ನೀರು ಶುದ್ಧೀಕರಣ ಘಟಕದಿಂದ ಕ್ಲೋರಿನ್ ಸೇರಿಸಿಕೊಂಡೇ ಬರುತ್ತದೆ. ಕಾರ್ಬನ್ ಫಿಲ್ಟರಿನ ಶಕ್ತಿ ಮುಗಿದಿದ್ದರೆ ಆ ಕ್ಲೋರಿನ್ ನೇರವಾಗಿ ಮೆಂಬ್ರೇನನ್ನು ಮುಟ್ಟಿ, ದಿನಕ್ಕಿಷ್ಟು ಎಂದು ಹಾಳುಮಾಡುತ್ತದೆ. ಕೆಲವು ನೂರು ರೂಪಾಯಿಯ ಫಿಲ್ಟರನ್ನು ಮುಂದೂಡಿದ್ದಕ್ಕೆ ಕೆಲವು ಸಾವಿರದ ಭಾಗ ಹೋಗುತ್ತದೆ. ಬೋರ್‌ವೆಲ್ ಮನೆಗಳ ಕಷ್ಟ ಬೇರೆ. ಅಲ್ಲಿ ಕ್ಲೋರಿನ್ ಕಾಟವಿಲ್ಲ, ಗಡಸುತನದ ಕಾಟ. ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪೊರೆಯೇ ಮೆಂಬ್ರೇನಿನ ಮೇಲೂ ಕಟ್ಟಿ, ನೀರು ಹಾಯದಂತೆ ಮಾಡುತ್ತದೆ. ಎರಡು ಬೀದಿ ಆಚೀಚೆ ಇರುವ ಎರಡು ಮನೆಗಳಿಗೆ ಒಂದೇ ಮೆಸೇಜು ಬರಬಹುದು, ಆದರೆ ಬೇಕಾದ ಸೇವೆ ಒಂದೇ ಅಲ್ಲ.

ಈಗ ಕರಾರಿನ ವಿಷಯ. ಹೆಸರುಗಳು ಏನೇ ಇರಲಿ, ಮಾರುಕಟ್ಟೆಯಲ್ಲಿರುವುದು ಸುಮಾರಾಗಿ ಮೂರು ಬಗೆ. ಬರೀ ತಪಾಸಣೆ ಮತ್ತು ಕೂಲಿ, ಬಿಡಿಭಾಗಕ್ಕೆ ಬೇರೆ ದುಡ್ಡು ಎನ್ನುವುದು ಒಂದು. ಸೆಡಿಮೆಂಟ್, ಕಾರ್ಬನ್ ಸೇರಿ ಮೆಂಬ್ರೇನ್ ಬಿಟ್ಟದ್ದು ಇನ್ನೊಂದು. ಮೆಂಬ್ರೇನ್, ಪಂಪು, ವಿದ್ಯುತ್ ಭಾಗಗಳನ್ನೂ ಒಳಗೊಂಡ ಸಮಗ್ರ ಕರಾರು ಮೂರನೆಯದು. ‘ಫಿಲ್ಟರ್ ಬದಲಾವಣೆ ಸೇರಿದೆ’ ಎಂದು ಪೋಸ್ಟರಿನಲ್ಲಿದ್ದರೆ ಅದು ಸಾಮಾನ್ಯವಾಗಿ ಎರಡನೆಯ ಬಗೆ. ಮೆಂಬ್ರೇನ್ ಇದೆಯೇ, ಎಷ್ಟು ಸಲ, ಯಾವ ಸ್ಥಿತಿಗೆ ಬಂದರೆ ಬದಲಿಸುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಬೆಲೆ ಕೇಳುವಾಗ ಶೇ 18 ಜಿಎಸ್‌ಟಿ ಸೇರಿಸಿಯೇ ಹೇಳಿ ಎನ್ನಬೇಕು. ಪೋಸ್ಟರಿನ ದೊಡ್ಡ ಅಕ್ಷರದ ಬೆಲೆಯಲ್ಲಿ ಅದು ಬಹಳ ಸಲ ಇರುವುದಿಲ್ಲ. ರಿಯಾಯಿತಿಗಾಗಿ ಮೊದಲೇ ಕಟ್ಟುವವರು ಇನ್ನೊಂದನ್ನೂ ಖಚಿತ ಮಾಡಿಕೊಳ್ಳಬೇಕು. ಹೊಸ ಅವಧಿ ಹಳೆಯದು ಮುಗಿದ ಮರುದಿನದಿಂದ ಶುರುವಾಗುತ್ತದೆಯೋ, ದುಡ್ಡು ಕಟ್ಟಿದ ದಿನದಿಂದಲೋ? ಎರಡನೆಯದಾದರೆ ಕೈಗೆ ಬಂದ ರಿಯಾಯಿತಿಯಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ.

ಒಂದು ಮನೆಯ ಲೆಕ್ಕವನ್ನು ಹಾಕಿ ನೋಡೋಣ. ಅಂಕಿಗಳು ಉದಾಹರಣೆಗಾಗಿ, ಬೆಲೆ ಊರಿಂದೂರಿಗೆ ಕಂಪನಿಯಿಂದ ಕಂಪನಿಗೆ ಬೇರೆ. ಮನೆ ಬೆಂಗಳೂರಿನ ಹೊರವಲಯದಲ್ಲಿದೆ, ನೀರು ಬೋರ್‌ವೆಲ್‌ನದು, ಟಿಡಿಎಸ್ 700. ಟಿಡಿಎಸ್ ಎಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣಾದಿಗಳ ಮಿಲಿಗ್ರಾಂ ಲೆಕ್ಕ. ಪೆನ್ನಿನ ಗಾತ್ರದ ಮೀಟರನ್ನು ನೀರಿಗೆ ಅದ್ದಿದರೆ ತೋರಿಸುತ್ತದೆ. ಯಂತ್ರ ಹೊಸತಾಗಿದ್ದಾಗ ಹೊರಬರುವ ನೀರಿನ ಟಿಡಿಎಸ್ 60 ಇತ್ತು. ಅಂದರೆ 700ರಲ್ಲಿ 640ನ್ನು ಮೆಂಬ್ರೇನ್ ತಡೆದಿದೆ, ಶೇ 91. ಈಗ ಎರಡು ವರ್ಷವಾಗಿದೆ. ನವೀಕರಣಕ್ಕೆ ಮುನ್ನ ಬಂದ ಹುಡುಗ ನಲ್ಲಿಯ ನೀರಿಗೆ ಮೀಟರ್ ಹಿಡಿದು 175 ತೋರಿಸಿದ. ತಡೆಯುವ ಪ್ರಮಾಣ ಶೇ 75ಕ್ಕೆ ಇಳಿದಂತಾಯಿತು. ‘ಅಮ್ಮಾ, ಮೆಂಬ್ರೇನ್ ಹೋಗಿದೆ, ಸಮಗ್ರ ಪ್ಲಾನ್ ತಗೊಂಡ್ರೆ ಅದರಲ್ಲೇ ಹಾಕಿಕೊಡ್ತೀವಿ’ ಎಂದ. ಸಮಗ್ರ ಪ್ಲಾನಿಗೆ 5,500 ರೂಪಾಯಿ, ಫಿಲ್ಟರಿನ ಪ್ಲಾನಿಗೆ 3,000. ಜಿಎಸ್‌ಟಿ ಸೇರಿದರೆ 6,490 ಮತ್ತು 3,540.

ಆ ಹುಡುಗ ಸುಳ್ಳು ಹೇಳಿದ ಎಂದು ಅವಸರಪಡಬೇಕಿಲ್ಲ. ಮೀಟರಿನಲ್ಲಿ 175 ಬಂದದ್ದು ನಿಜವೇ. ಆದರೆ ಹಾಗೆ ಬರಲು ಎರಡು ಬೇರೆ ಕಾರಣಗಳೂ ಇರುತ್ತವೆ. ಒಂದು, ಎಷ್ಟೋ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ಪುಟ್ಟ ತಿರುಪು ಇರುತ್ತದೆ. ನೀರು ತೀರ ಸಪ್ಪೆಯಾಗದಿರಲಿ ಎಂದು ಅದು ಮೆಂಬ್ರೇನಿನ ಮೂಲಕ ಹಾಯದ ನೀರನ್ನು ಸ್ವಲ್ಪ ಬೆರೆಸುತ್ತದೆ. ಹಿಂದಿನ ಸರ್ವಿಸಿನಲ್ಲಿ ಯಾರೋ ಅದನ್ನು ಹೆಚ್ಚು ತೆರೆದಿದ್ದರೆ, ಮೆಂಬ್ರೇನ್ ಗಟ್ಟಿಯಾಗಿದ್ದರೂ ನಲ್ಲಿಯಲ್ಲಿ ಟಿಡಿಎಸ್ ಏರುತ್ತದೆ. ಎರಡು, ಯಂತ್ರ ರಾತ್ರಿಯಿಡೀ ಸುಮ್ಮನಿದ್ದು ಬೆಳಿಗ್ಗೆ ಶುರುವಾದಾಗ ಮೆಂಬ್ರೇನಿನಿಂದ ಬರುವ ಮೊದಲ ನೀರಿನಲ್ಲಿ ಲವಣ ಹೆಚ್ಚಿರುತ್ತದೆ. ನಿಂತ ಹೊತ್ತಿನಲ್ಲಿ ಆಚೆ ಕಡೆಯ ಲವಣ ಮೆಲ್ಲಗೆ ಈಚೆಗೆ ಜಿನುಗಿರುತ್ತದೆ.

ಹಾಗಾಗಿ ಸರಿಯಾದ ಪರೀಕ್ಷೆ ಹೀಗೆ: ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಮುಚ್ಚಳ ತೆಗೆಸಿ, ಮೆಂಬ್ರೇನಿನಿಂದ ಶುದ್ಧ ನೀರು ಹೊರಬರುವ ಸಣ್ಣ ಪೈಪನ್ನು ಬಿಚ್ಚಿಸಿ, ಅಲ್ಲಿಯ ನೀರನ್ನೇ ಲೋಟದಲ್ಲಿ ಹಿಡಿದು ಅಳೆಯಬೇಕು. ಅದೇ ಹೊತ್ತಿಗೆ ಒಳಬರುವ ನೀರನ್ನೂ ಅಳೆಯಬೇಕು, ಬೇಸಿಗೆಯಲ್ಲಿ ಬೋರ್‌ವೆಲ್ ನೀರಿನ ಟಿಡಿಎಸ್ಸೇ ಬದಲಾಗಿರಬಹುದು. ನಮ್ಮ ಉದಾಹರಣೆಯ ಮನೆಯಲ್ಲಿ ಒಳಗೆ 700, ಪೈಪಿನಲ್ಲಿ 70 ಬಂತು ಎನ್ನೋಣ. ಶೇ 90. ಮೆಂಬ್ರೇನ್ ಚೆನ್ನಾಗಿದೆ, ತಿರುಪನ್ನು ಹಿಂದಕ್ಕೆ ತಿರುಗಿಸಿದರೆ ಕೆಲಸ ಮುಗಿಯಿತು. ಅದೇ ಪೈಪಿನಲ್ಲೂ 170ರ ಆಸುಪಾಸು ಬಂದಿದ್ದರೆ ಹುಡುಗನ ಮಾತು ಸರಿ.

ಎರಡು ಪ್ಲಾನುಗಳ ನಡುವಿನ ವ್ಯತ್ಯಾಸ 2,950 ರೂಪಾಯಿ. ಹೊರಗೆ ಮೆಂಬ್ರೇನಿನ ಬೆಲೆ 2,200 ಎಂದುಕೊಂಡರೆ, ಈ ವರ್ಷದೊಳಗೆ ಅದು ಹೋದರೂ ಫಿಲ್ಟರಿನ ಪ್ಲಾನ್ ತೆಗೆದುಕೊಂಡವರಿಗೆ ನಷ್ಟವಿಲ್ಲ. ಆದರೆ ಈ ಲೆಕ್ಕ ಎರಡು ವರ್ಷದ ಯಂತ್ರದ್ದು. ಐದಾರು ವರ್ಷ ದಾಟಿದ ಯಂತ್ರದಲ್ಲಿ ಪಂಪು, ಅಡಾಪ್ಟರ್, ಸೊಲೆನಾಯ್ಡ್ ವಾಲ್ವ್ ಒಂದರ ಹಿಂದೊಂದು ಕೈಕೊಡತೊಡಗುತ್ತವೆ. ಆಗ ಸಮಗ್ರ ಕರಾರೇ ವಾಸಿ, ಆ ಭಾಗಗಳೆಲ್ಲ ಸೇರಿವೆ ಎಂದು ಬರಹದಲ್ಲಿ ಇದ್ದರೆ. ಕರಾರು ತೆಗೆದುಕೊಳ್ಳುವ ದಿನವೇ ಇದ್ದ ದೋಷ ತಮ್ಮ ಹೊಣೆಯಲ್ಲ ಎನ್ನುವ ಷರತ್ತೂ ಕೆಲವರಲ್ಲಿರುತ್ತದೆ. ಹಳೆಯ ಯಂತ್ರದವರು ಅದನ್ನು ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಮೀಟರಿಗೆ ಕಾಣದ ಸಂಗತಿಗಳೂ ಇವೆ ಎಂಬುದನ್ನು ಮರೆಯಬಾರದು. ರೋಗಾಣು ಅದಕ್ಕೆ ಕಾಣುವುದಿಲ್ಲ. ಫ್ಲೋರೈಡ್ ಎಷ್ಟಿದೆ ಎಂದೂ ಅದು ಬಿಡಿಸಿ ಹೇಳದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹಳೆಯ ಶಾಪ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಮ್ಮತ. ಅಲ್ಲಿನ ಮನೆಗಳಲ್ಲಿ ಮೆಂಬ್ರೇನ್ ಸೋತರೆ ನೀರಿನ ರುಚಿಯಲ್ಲಿ ಗೊತ್ತಾಗದೆಯೂ ಫ್ಲೋರೈಡ್ ಮಕ್ಕಳ ಹಲ್ಲು ಸೇರುತ್ತದೆ. ಅಂಥ ಊರಿನಲ್ಲಿ ನವೀಕರಣದ ಮೆಸೇಜನ್ನು ಅಳಿಸಿಹಾಕುವುದು ಸರಿಯಲ್ಲ. ನಡುವೆ ಒಮ್ಮೆ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆಗೆ ಕೊಡುವುದೂ ಬೇಕು.

ಬರೀ ಕಾವೇರಿ ನೀರು ಬರುವ ಮನೆಗಳ ಮಾತು ಇದಕ್ಕೆ ತದ್ವಿರುದ್ಧ. ಕಾವೇರಿ ನೀರಿನ ಟಿಡಿಎಸ್ ಸಾಮಾನ್ಯವಾಗಿ ಮಾನದಂಡದ ಸ್ವೀಕಾರಾರ್ಹ ಮಿತಿಯಾದ 500ಕ್ಕಿಂತ ಸಾಕಷ್ಟು ಕೆಳಗಿರುತ್ತದೆ. 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು, ನೀರು ಪೋಲಾಗುವುದು ಅದರ ಮುಖ್ಯ ಚಿಂತೆ. ಮನೆಯ ಆರ್‌ಓ ಒಂದು ಲೀಟರ್ ಕೊಡುವಷ್ಟರಲ್ಲಿ ಎರಡು ಮೂರು ಲೀಟರನ್ನು ಹೊರಚೆಲ್ಲುವುದು ಸಾಮಾನ್ಯ. ಇಂಥ ಮನೆಯವರು ಮೆಂಬ್ರೇನ್ ಸೇರಿದ ದುಬಾರಿ ಕರಾರು ತೆಗೆದುಕೊಳ್ಳುವ ಬದಲು, ಯಂತ್ರದ ಆಯುಸ್ಸು ಮುಗಿದಾಗ ಕಾರ್ಬನ್ ಮತ್ತು ಯುವಿ ಮಾತ್ರ ಇರುವ ಸರಳ ಯಂತ್ರಕ್ಕೆ ಹೋಗುವುದು ಮೇಲು ಎಂದೇ ನನ್ನ ಅಭಿಪ್ರಾಯ. ಅಪಾರ್ಟ್‌ಮೆಂಟಿನವರು ಮಾತ್ರ ಕಾವೇರಿ ಎಂದು ನಂಬಿ ಕೂರದೆ ಬೇರೆ ಬೇರೆ ತಿಂಗಳಲ್ಲಿ ಅಳೆದು ನೋಡಬೇಕು. 2024ರ ಬೇಸಿಗೆಯಲ್ಲಾದಂತೆ ಸಂಪಿಗೆ ಟ್ಯಾಂಕರ್ ನೀರು ಬೀಳತೊಡಗಿದರೆ ಲೆಕ್ಕವೆಲ್ಲ ಬದಲಾಗುತ್ತದೆ.

ಪ್ರಚಾರಕ್ಕೆಂದು ಮನೆಗೆ ಬರುವವರು ಮಾಡಿ ತೋರಿಸುವ ಒಂದು ಪ್ರಯೋಗ ಎಷ್ಟೋ ಜನರನ್ನು ಹೆದರಿಸಿದೆ. ಎರಡು ಲೋಟ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಓ ನೀರು. ಲೋಹದ ಕಡ್ಡಿಗಳಿರುವ ಸಾಧನ ಇಳಿಸಿ ಕರೆಂಟು ಹಾಯಿಸಿದರೆ ನಲ್ಲಿ ನೀರು ಕಂದು ರಾಡಿಯಾಗುತ್ತದೆ, ಆರ್‌ಓ ನೀರು ಹೆಚ್ಚುಕಡಿಮೆ ತಿಳಿಯಾಗೇ ಇರುತ್ತದೆ. ‘ನೀವು ಕುಡೀತಿರೋದು ಇದನ್ನೇ’ ಎನ್ನುತ್ತಾರೆ. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ಇಳಿಯುತ್ತದೆ. ಆ ರಾಡಿ ಕಡ್ಡಿಯದು. ಆರ್‌ಓ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸಿ ಎಂದು ಕೇಳಿದರೆ ಅದೂ ಕಂದಾಗುತ್ತದೆ.

ಮೆಸೇಜು ಬಂದದ್ದು ನಿಜವಾಗಿ ನಿಮ್ಮ ಕಂಪನಿಯಿಂದಲೇ ಎಂಬುದನ್ನೂ ನೋಡಿಕೊಳ್ಳಬೇಕು. ವಾರಂಟಿ ಮುಗಿಯುವ ಹೊತ್ತಿಗೆ ಕಂಪನಿಯ ಹೆಸರಿನಲ್ಲಿ ಫೋನ್ ಮಾಡಿ, ನಕಲಿ ಫಿಲ್ಟರ್ ಹಾಕಿ ಹೋಗುವವರು ಇದ್ದಾರೆ. ಎಸ್ಸೆಮ್ಮೆಸ್ ಆದರೆ 2025ರಿಂದ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರ ಬರುತ್ತಿದೆ: -P ಇದ್ದರೆ ಪ್ರಚಾರ, -S ಇದ್ದರೆ ಸೇವೆಗೆ ಸಂಬಂಧಿಸಿದ್ದು. ವಾಟ್ಸ್‌ಆ್ಯಪ್ ಪೋಸ್ಟರಿಗೆ ಅಂಥ ಗುರುತಿಲ್ಲ. ಅದರಲ್ಲಿರುವ ನಂಬರಿಗಾಗಲಿ, ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲು ಕಂಡ ನಂಬರಿಗಾಗಲಿ ಫೋನ್ ಮಾಡದೆ, ಯಂತ್ರದ ಮೇಲಿನ ಸ್ಟಿಕರ್ ಅಥವಾ ಹಳೆಯ ಬಿಲ್ಲಿನಲ್ಲಿರುವ ನಂಬರಿಗೇ ಮಾಡಬೇಕು. ಕಂಪನಿಯವರೇ ಆದರೆ ಯಂತ್ರದ ಸೀರಿಯಲ್ ನಂಬರನ್ನೂ ಹಿಂದಿನ ಸರ್ವಿಸಿನ ತಾರೀಖನ್ನೂ ಅವರೇ ಹೇಳಬಲ್ಲರು. ‘ಇಂದೇ ಕೊನೆ’ ಎಂದು ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ತಪ್ಪೆಂದೇ ಪಟ್ಟಿಮಾಡಿವೆ. ಕಟ್ಟಿದ ದುಡ್ಡಿಗೆ ಸೇವೆ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಆ ದೂರಿಗೆ ದಾಖಲೆ ಬೇಕು. ಸರ್ವಿಸ್ ಮುಗಿಸಿ ಹೊರಡುವ ಹುಡುಗನಿಂದ ಮೂರು ವಿಷಯ ಬರೆಸಿಕೊಳ್ಳಿ: ಬದಲಿಸಿದ ಭಾಗಗಳು, ಒಳಬರುವ ನೀರಿನ ಟಿಡಿಎಸ್, ಮೆಂಬ್ರೇನ್ ಪೈಪಿನ ಟಿಡಿಎಸ್. ತೆಗೆದ ಹಳೆಯ ಫಿಲ್ಟರನ್ನು ನಿಮ್ಮ ಮುಂದೆಯೇ ಕತ್ತರಿಸಿ ಹಾಕುವಂತೆ ಹೇಳಿ, ಅದು ತೊಳೆದು ಇನ್ನೊಂದು ಮನೆ ಸೇರದಿರಲಿ. ತಾರೀಖು ಬರೆದ ಚೀಟಿಯನ್ನು ಯಂತ್ರದ ಮುಚ್ಚಳದ ಒಳಬದಿಗೆ ಅಂಟಿಸಿದರೆ, ಮುಂದಿನ ಸಲ ಯಾರು ಬಂದು ಬಿಚ್ಚಿದರೂ ಹಿಂದಿನ ಅಳತೆ ಕಣ್ಣೆದುರೇ ಇರುತ್ತದೆ.