ಹೆಗಡೇರೇ, ಟಿಸಿ ದಾಟಿ ಬಂದೆ, ಮುಂದೆ?

ಶಿರಸಿ ಸೀಮೆಯ ಒಂದು ಹಳ್ಳಿಮನೆಯ ವಿಳಾಸ ನೋಡಿ: ಯಜಮಾನರ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್. ಅಷ್ಟೇ. ರಸ್ತೆಯ ಹೆಸರಿಲ್ಲ, ಅಡ್ಡರಸ್ತೆಯೂ ಇಲ್ಲ. ಇರುವುದಾದರೂ ಹೇಗೆ? ಅಲ್ಲಿ ಮನೆಗಳು ಸಾಲಿನಲ್ಲಿಲ್ಲ. ಒಂದೊಂದು ಅಡಿಕೆ ತೋಟದ ಮೇಲುಗಡೆ ಒಂದೊಂದು ಮನೆ, ನಡುವೆ ಸೊಪ್ಪಿನ ಬೆಟ್ಟ. ಪಂಚಾಯಿತಿ ಕೊಟ್ಟ ಮನೆ ನಂಬರು ತೆರಿಗೆ ರಸೀದಿಯಲ್ಲಿದೆ. ಅದನ್ನು ಹೇಳಿದರೆ ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ.

ಇಂಥ ಮನೆಯಿಂದ ಮಿಕ್ಸಿಯನ್ನೋ ಮೊಬೈಲನ್ನೋ ಆರ್ಡರ್ ಮಾಡಿದರೂ ಅದು ಬರುತ್ತದೆ, ಆದರೆ ಬರೆದ ವಿಳಾಸವೊಂದರಿಂದಲ್ಲ. ಮೊದಲು ಕೆಲಸ ಮಾಡುವುದು ಪಿನ್‌ಕೋಡ್. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳು ಹುಟ್ಟಿದ್ದು ಕಾಗದ ವಿಂಗಡಿಸುವುದಕ್ಕೆ, ಮನೆ ಹುಡುಕುವುದಕ್ಕಲ್ಲ. 581ರಿಂದ ಶುರುವಾಗುವ ಪಿನ್ ಕಾರವಾರಕ್ಕೂ ಇದೆ, ಹಾವೇರಿಗೂ ಇದೆ. ಕೊನೆಯ ಮೂರು ಅಂಕಿ ಸೇರಿದಾಗ ಒಂದು ಅಂಚೆ ಕಚೇರಿಯ ವ್ಯಾಪ್ತಿ ಸಿಗುತ್ತದೆ. ಹಳ್ಳಿಯ ಶಾಖಾ ಅಂಚೆ ಕಚೇರಿಗಳಿಗೆ ಸಾಮಾನ್ಯವಾಗಿ ತಮ್ಮದೇ ಪಿನ್ ಇರುವುದಿಲ್ಲ, ಮೇಲಿನ ಉಪ ಅಂಚೆ ಕಚೇರಿಯದ್ದೇ ಅವಕ್ಕೂ. ಹಾಗಾಗಿ ಒಂದೇ ಪಿನ್‌ನಡಿ ಹತ್ತಾರು ಊರುಗಳು ಬರುತ್ತವೆ. ಖಾಸಗಿ ಕೊರಿಯರ್‌ನವರೂ ಇದೇ ಅಂಕಿ ನೋಡಿ ಪಾರ್ಸೆಲನ್ನು ಪೇಟೆಯ ತಮ್ಮ ಗೋದಾಮಿಗೆ ಇಳಿಸುತ್ತಾರೆ. ಪಿನ್ ಒಂದಂಕಿ ತಪ್ಪಿದರೆ ಪಾರ್ಸೆಲ್ ಇನ್ನೊಂದು ಗೋದಾಮಿಗೆ ಹೋಗಿ ಕೂರುತ್ತದೆ. ಆಮೇಲೆ ಯಾವ ಫೋನೂ ಅದನ್ನು ಬೇಗ ಹೊರಡಿಸುವುದಿಲ್ಲ.

ಗೋದಾಮಿನಲ್ಲಿ ಬೆಳಿಗ್ಗೆ ಡೆಲಿವರಿ ಹುಡುಗರು ಪೊಟ್ಟಣಗಳನ್ನು ತಮ್ಮ ತಮ್ಮ ಲೈನಿಗೆ ಹಂಚಿಕೊಳ್ಳುವಾಗ ನೋಡುವುದು ಊರಿನ ಹೆಸರನ್ನು. ಇಲ್ಲೊಂದು ತೊಡಕಿದೆ. ಹೊಸೂರು, ಹೊಸಕೊಪ್ಪ, ಬಾಳೇಸರ ಮುಂತಾದ ಹೆಸರುಗಳು ಒಂದಕ್ಕಿಂತ ಹೆಚ್ಚು ಕಡೆ ಇರುತ್ತವೆ. ಅದಕ್ಕೇ ಮೊದಲ ಸಾಲಿನಲ್ಲಿ ಮನೆಯ ಹೆಸರಿನ ಬದಲು ಯಾವ ರಸ್ತೆಯ ಯಾವ ಕ್ರಾಸಿನಲ್ಲಿ ಒಳಗೆ ತಿರುಗಬೇಕು ಎಂದು ಬರೆದರೆ ಹುಡುಗನಿಗೆ ಉಪಕಾರ. ಅವನು ಬ್ಯಾಗು ತುಂಬುವಾಗಲೇ ಇದು ಸಿದ್ದಾಪುರ ರಸ್ತೆಯ ಪಾರ್ಸೆಲ್ ಎಂದು ತಿಳಿಯುತ್ತದೆ.

ಉಳಿದದ್ದೆಲ್ಲ ಒಂದು ಫೋನಿನ ಮೇಲೆ. ಆ ಫೋನು ಎಲ್ಲಿಂದ ಬರುತ್ತದೆ ಎಂಬುದು ಮುಖ್ಯ. ಹುಡುಗ ಡಾಂಬರು ರಸ್ತೆಯಲ್ಲಿ ಸಿಗ್ನಲ್ ಇರುವ ಜಾಗದಲ್ಲಿ ನಿಂತು ಕರೆಯುತ್ತಾನೆ. ಒಳಗೆ ಒಂದು ಕಿಲೋಮೀಟರ್ ಇಳಿದರೆ ಅವನಿಗೆ ನೆಟ್‌ವರ್ಕ್ ಸಿಗದು. ಮನೆಯಲ್ಲಿ ನೀವು ವೈಫೈ ಮೇಲೆ ಮಾತಾಡುತ್ತಿರಬಹುದು, ದಾರಿಯಲ್ಲಿ ಅವನ ಹತ್ತಿರ ವೈಫೈ ಎಲ್ಲಿದೆ? ಆದ್ದರಿಂದ ಪೂರ್ತಿ ದಾರಿ ಆ ಒಂದೇ ಕರೆಯಲ್ಲಿ ಹೇಳಿ ಮುಗಿಯಬೇಕು. ನಮ್ಮವರು ಅಲ್ಲೇ ಸೋಲುತ್ತಾರೆ.

"ಹೆಗಡೇರೇ, ಕೊರಿಯರ್ ಬಂದಿದೆ. ಮನೆ ಎಲ್ಲಿ?"

"ಬಾ ತಮ್ಮಾ, ಶಾಲೆ ದಾಟಿ ಕೆಳಗೆ ಇಳಿ, ಗಣಪಣ್ಣನ ಮನೆ ಆಚೆ ನಮ್ಮದೇ."

ಗಣಪಣ್ಣ ಯಾರೆಂದು ಹುಡುಗನಿಗೆ ಗೊತ್ತಿಲ್ಲ. ಶಾಲೆಗೆ ಬೋರ್ಡಿದೆ, ಅದು ಸರಿ. ಆದರೆ ಶಾಲೆ ದಾಟಿದ ಮೇಲೆ ಎರಡು ಕಡೆ ಇಳಿಜಾರು. ಬೆಟ್ಟದೂರಿನವರಿಗೆ ದಿಕ್ಕೆಂದರೆ ಮೇಲೆ, ಕೆಳಗೆ. ಬೈಕಿನ ಮೇಲಿರುವವನಿಗೆ ಬೇಕಾದ್ದು ಎಡ, ಬಲ. ಅದೂ ಅವನು ಮುಖ ಮಾಡಿರುವ ಕಡೆಯಿಂದ. ಮೊದಲ ಪ್ರಶ್ನೆ ನೀವೇ ಕೇಳಬೇಕು: ಈಗ ಎಲ್ಲಿದ್ದೀಯ, ಎದುರಿಗೆ ಏನು ಕಾಣುತ್ತಿದೆ?

ಅದೇ ಮನೆಗೆ ಸರಿಯಾದ ದಾರಿ ಹೇಗಿರಬಹುದು ನೋಡಿ. "ಕ್ರಾಸಿನ ಬಸ್ ತಂಗುದಾಣದ ಎದುರು ಬಲಕ್ಕೆ ತಿರುಗು. ಡಾಂಬರು ಮುಗಿದು ಮಣ್ಣುರಸ್ತೆ ಬರ್ತದೆ, ಹೆದರಬೇಡ, ಅದೇ ದಾರಿ. ಎಡಗಡೆ ಹಾಲಿನ ಡೇರಿ ಸಿಕ್ತದೆ. ಆಮೇಲೆ ಕರೆಂಟಿನ ಟಿಸಿ. ಟಿಸಿ ಆದಮೇಲೆ ಸಿಗೋ ಮೊದಲ ಎಡಕ್ಕೆ ಇಳಿ, ನೀಲಿ ಗೇಟು. ನೀರಿನ ಟ್ಯಾಂಕು ಕಂಡರೆ ಮುಂದೆ ಹೋಗಿಬಿಟ್ಟೆ, ತಿರುಗಿಸು."

ಕೊನೆಯ ವಾಕ್ಯ ಎಲ್ಲಕ್ಕಿಂತ ಬೆಲೆಬಾಳುವುದು. ಎಲ್ಲಿ ತಿರುಗಬೇಕು ಎಂಬಷ್ಟೇ ಸಾಲದು, ತಪ್ಪಿದೆನೆಂದು ತಿಳಿಯುವ ಗುರುತೂ ಬೇಕು. ಇಲ್ಲದಿದ್ದರೆ ಅವನು ಮುಂದಿನ ಊರಿನವರೆಗೂ ಹೋಗಿ, ಬ್ಯಾಗಿನಲ್ಲಿರುವ ಉಳಿದ ಪಾರ್ಸೆಲ್‌ಗಳ ಚಿಂತೆಯಲ್ಲಿ, ನಿಮ್ಮದಕ್ಕೆ 'ಗ್ರಾಹಕರು ಸಿಗಲಿಲ್ಲ' ಎಂದು ಒತ್ತಿ ವಾಪಸು ಹೊರಡುತ್ತಾನೆ. ಗುರುತುಗಳೂ ಅಪರಿಚಿತನ ಕಣ್ಣಿಗೆ ಬೈಕಿನಿಂದಲೇ ಕಾಣುವಂಥವಾಗಿರಬೇಕು. ಕಳೆದ ಮಳೆಗಾಲದಲ್ಲಿ ಬಿದ್ದ ಹಲಸಿನ ಮರದ ಹೆಸರಿನಲ್ಲಿ ದಾರಿ ಹೇಳುವವರು ಈಗಲೂ ಇದ್ದಾರೆ.

ಲೊಕೇಶನ್ ಕಳಿಸಿದರೆ ಆಯ್ತಲ್ಲ ಎನ್ನುತ್ತಾರೆ ಪೇಟೆಯವರು. ಕಳಿಸಬೇಕು, ಆದರೆ ಅಂಗಳದಲ್ಲಿ ನಿಂತು ಕಳಿಸಬೇಕು. ಮಾಡಿನಡಿ ಕೂತು ಗುರುತು ಹಾಕಿದರೆ ಅದು ತೋಟದಲ್ಲೋ ಹಳ್ಳದಾಚೆಯೋ ಬೀಳಬಹುದು. ಆರ್ಡರ್ ಮಾಡುವಾಗ ಊರಿನ ಹೆಸರನ್ನು ಟೈಪ್ ಮಾಡಿ ಸುಮ್ಮನಾದರೆ ನಕ್ಷೆ ಊರಿನ ನಡುವನ್ನೋ ಪೇಟೆಯನ್ನೋ ಹಿಡಿಯುವುದೂ ಉಂಟು. 2025ರಲ್ಲಿ ಅಂಚೆ ಇಲಾಖೆ ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರದ ಜೊತೆ ಸೇರಿ ಡಿಜಿಪಿನ್ ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಸೀಳಿ, ಪ್ರತಿ ಚೌಕಕ್ಕೂ ಹತ್ತು ಅಕ್ಷರ ಮತ್ತು ಅಂಕಿಗಳ ಗುರುತು. ಮನೆ ನಂಬರಿಲ್ಲದ ಮನೆಗೆ ಇದರಿಂದ ಕರಾರುವಾಕ್ಕಾದ ಗುರುತು ಸಿಕ್ಕಂತಾಯಿತು.

ಆದರೆ ಡಿಜಿಪಿನ್ ಹೇಳುವುದು ಮನೆ ಎಲ್ಲಿದೆ ಎಂದು. ಹೇಗೆ ಬರಬೇಕು ಎಂದಲ್ಲ. ಮಲೆನಾಡಿನಲ್ಲಿ ಈ ಎರಡಕ್ಕೂ ನಡುವೆ ಹಳ್ಳ ಹರಿಯುತ್ತದೆ. ನಕ್ಷೆ ತೋರಿಸುವ ಹತ್ತಿರದ ದಾರಿ ಎಷ್ಟೋ ಸಲ ಕಾಲುಸಂಕದವರೆಗೆ ಮಾತ್ರ. ಅಡಿಕೆ ಮರ ಹಾಸಿದ ಆ ಸಂಕದ ಮೇಲೆ ಮನುಷ್ಯರು ದಾಟಬಹುದು, ಬೈಕು ದಾಟದು. ಬೇಸಿಗೆಯಲ್ಲಿ ಹಳ್ಳದೊಳಗೇ ಇಳಿದು ಹತ್ತುತ್ತಿದ್ದ ಜೀಪಿನ ದಾರಿ ಜೂನ್ ಬಂದರೆ ಮುಚ್ಚುತ್ತದೆ. ವಿಳಾಸದ ಜಾಗದಲ್ಲಿ 'ಮಳೆಗಾಲದಲ್ಲಿ ಡೇರಿ ಕಡೆಯಿಂದಲೇ ಬನ್ನಿ' ಎಂದು ಬರೆದಿಟ್ಟವರ ಪಾರ್ಸೆಲ್ ಒದ್ದೆಯಾಗದೆ ಬರುತ್ತದೆ.

ಇನ್ನು ಮಕ್ಕಳು ಬೆಂಗಳೂರಿನಿಂದ ಅಪ್ಪ ಅಮ್ಮನಿಗೆ ತರಿಸುವ ಸಾಮಾನಿನ ಕತೆ. ವಿಳಾಸದ ಜೊತೆ ಮಗನ ನಂಬರಿದ್ದರೆ ಹುಡುಗ ದಾರಿ ಕೇಳುವುದು ಹತ್ತು ವರ್ಷದಿಂದ ಹೊಸ ರಸ್ತೆ ನೋಡದ ಮಗನನ್ನು. ಹಾಗಾಗಿ ವಿಳಾಸಕ್ಕೆ ಮನೆಯವರ ನಂಬರನ್ನೇ ಕೊಡಿ. ಒಟಿಪಿ ಮಾತ್ರ ಖಾತೆಯಿರುವ ಮೊಬೈಲಿಗೇ ಬರಬಹುದು, ಆ ಹೊತ್ತಿಗೆ ಮಗ ಮೀಟಿಂಗಿನಲ್ಲಿದ್ದರೆ ಹುಡುಗ ಅಂಗಳದಲ್ಲಿ ಕಾಯಬೇಕು. ಡೆಲಿವರಿ ದಿನ ಒಟಿಪಿಯನ್ನು ಮೊದಲೇ ಮನೆಗೆ ಹೇಳಿಟ್ಟರೆ ಒಳ್ಳೆಯದು. ಪೊಟ್ಟಣ ಕೈಗೆ ಬಂದಮೇಲಷ್ಟೇ ಅದನ್ನು ಹೇಳಬೇಕೆಂದೂ ತಿಳಿಸಿರಬೇಕು.

ಅಪರಿಚಿತ ನಂಬರಿನಿಂದ ವಿಳಾಸ ಕೇಳುವ ಕರೆ ಹಳ್ಳಿಯಲ್ಲಿ ಈಗ ಮಾಮೂಲು. ಕಂಪನಿಗಳು ಎಷ್ಟೋ ಸಲ ಹುಡುಗನ ನಂಬರನ್ನು ಮರೆಮಾಡಿ ಬೇರೆ ನಂಬರಿನಿಂದ ಕರೆ ಜೋಡಿಸುವುದರಿಂದ ಎತ್ತದೆ ವಿಧಿಯಿಲ್ಲ. ವಂಚಕರಿಗೆ ಇದೇ ಬಾಗಿಲು. ನಿಜವಾದ ಕೊರಿಯರ್ ಹುಡುಗ ದಾರಿ ಕೇಳುತ್ತಾನೆ, ಬಹಳವೆಂದರೆ ನಾಳೆ ಬರಲೇ ಎನ್ನುತ್ತಾನೆ. ವಿಳಾಸ ಸರಿಪಡಿಸಲು ಲಿಂಕ್ ಒತ್ತಿ ಐದು ರೂಪಾಯಿ ಕಟ್ಟಿ ಎಂದರೆ, ಸ್ಟಾರ್ ಇಪ್ಪತ್ತೊಂದು ಸ್ಟಾರ್ ಎಂದು ಶುರುವಾಗುವ ನಂಬರು ಒತ್ತಿ ಎಂದರೆ ಫೋನಿಡಬೇಕು. ಆ ಸ್ಟಾರ್ ನಂಬರಿನಿಂದ ನಿಮ್ಮ ಕರೆಗಳೆಲ್ಲ ಅವರ ಮೊಬೈಲಿಗೆ ತಿರುಗುತ್ತವೆ, ಕರೆಯಲ್ಲಿ ಹೇಳುವ ಬ್ಯಾಂಕಿನ ಒಟಿಪಿಯೂ ಅವರಿಗೇ ಹೋಗುತ್ತದೆ.

ಇಷ್ಟೆಲ್ಲ ಬೇಡವೆಂದವರು ಕ್ರಾಸಿನ ಕಿರಾಣಿ ಅಂಗಡಿಯ ವಿಳಾಸವನ್ನೇ ಕೊಡುತ್ತಾರೆ. ಹುಡುಗನಿಗೂ ಅದೇ ಇಷ್ಟ, ಒಂದೇ ನಿಲುಗಡೆಯಲ್ಲಿ ಹತ್ತು ಮನೆಯ ಪಾರ್ಸೆಲ್ ಇಳಿಯುತ್ತವೆ. ಸೀರೆಗೆ, ಪುಸ್ತಕಕ್ಕೆ ಇದು ಸಾಕು. ಬಿಚ್ಚಿ ನೋಡಿ ಪಡೆಯಬೇಕಾದ ಮೊಬೈಲು, ಟಿವಿಗೆ ಮಾತ್ರ ಬೇಡ. ಒಟಿಪಿ ಹೇಳಿ ಪೊಟ್ಟಣ ಅಂಗಡಿಯ ಮೂಲೆ ಸೇರಿದ ಮೇಲೆ, ಒಳಗೆ ಒಡೆದ ಪರದೆಯಿತ್ತೆಂದು ಸಾಧಿಸುವುದು ಕಷ್ಟ. ಪಾಪ, ಅಂಗಡಿಯವನಿಗೂ ಅದು ಬೇಡದ ತಲೆನೋವು.