ಸೂಜಿ ಮುರಿದರೆ ಯಾರಿಗೆ ಹೇಳಬೇಕು?

ಗಾರ್ಮೆಂಟ್ಸ್ ಕಾರ್ಖಾನೆಗೆ ಹೊಸದಾಗಿ ಸೇರಿದ ಹೆಣ್ಣುಮಗಳ ಕೈಯಲ್ಲಿ ಮೊದಲ ವಾರದೊಳಗೆ ಒಂದಾದರೂ ಸೂಜಿ ಮುರಿಯುತ್ತದೆ. ಮನೆಯಲ್ಲಿ ಕಾಲಿನಿಂದ ತುಳಿಯುವ ಯಂತ್ರದಲ್ಲಿ ಹೊಲಿದು ಅಭ್ಯಾಸವಿದ್ದವಳಿಗೂ ನಿಮಿಷಕ್ಕೆ ಸಾವಿರಾರು ಹೊಲಿಗೆ ಹಾಕುವ ಪವರ್ ಮಷೀನಿನ ವೇಗ ಕೈಗೆ ಹತ್ತಲು ಸಮಯ ಬೇಕು. ಮನೆಯಲ್ಲಾದರೆ ಮುರಿದ ತುಂಡನ್ನು ಬಿಸಾಡಿ ಬೇರೆ ಸೂಜಿ ಹಾಕಿಕೊಳ್ಳುತ್ತಿದ್ದಳು. ಇಲ್ಲಿ ಹಾಗೆ ಮಾಡುವಂತಿಲ್ಲ. ಮಷೀನನ್ನು ಆಫ್ ಮಾಡಿ, ಜಾಗ ಬಿಟ್ಟು ಕದಲದೆ ಸೂಪರ್‌ವೈಸರನ್ನು ಕರೆಯಬೇಕು. ಮುರಿದ ಚೂರುಗಳನ್ನೆಲ್ಲ ಹುಡುಕಿ, ಒಟ್ಟಿಗೆ ಇಟ್ಟು, ಪೂರ್ತಿ ಸೂಜಿಯಾಯಿತೇ ಎಂದು ನೋಡಿ, ರಿಜಿಸ್ಟರಿನ ಹಾಳೆಯ ಮೇಲೆ ಟೇಪಿನಿಂದ ಅಂಟಿಸಿ ಸಹಿ ಮಾಡಿದ ಮೇಲೆಯೇ ಹೊಸ ಸೂಜಿ ಸಿಗುತ್ತದೆ. ಒಂದು ಚೂರು ಸಿಗದಿದ್ದರೂ ಅವಳ ಮುಂದಿದ್ದ ಬಂಡಲ್ ಮತ್ತು ಸುತ್ತಮುತ್ತಲ ಬಟ್ಟೆಗಳನ್ನು ಬೇರೆ ಇಟ್ಟು ಮೆಟಲ್ ಡಿಟೆಕ್ಟರಿನಲ್ಲಿ ಹಾಯಿಸುತ್ತಾರೆ. ಆ ಚೂರು ಎಲ್ಲೋ ದೂರದೇಶದ ಮಗುವಿನ ಅಂಗಿಯ ಕಾಲರಿನಲ್ಲಿ ಉಳಿದುಬಿಡಬಾರದು ಎಂಬುದು ಇದಕ್ಕೆ ಕಾರಣ.

ಈ ಕ್ರಮ ಗೊತ್ತಿಲ್ಲದ ಹೊಸಬಳು ಏನು ಮಾಡುತ್ತಾಳೆ? ಸಂಬಳದಲ್ಲಿ ಹಿಡಿಯುತ್ತಾರೇನೋ ಎಂದು ಹೆದರಿ ಚೂರನ್ನು ಮಷೀನಿನ ಕೆಳಗೆ ತಳ್ಳುತ್ತಾಳೆ, ಪಕ್ಕದವಳ ಹತ್ತಿರ ಸೂಜಿ ಕೇಳುತ್ತಾಳೆ. ತಪ್ಪು ಅವಳದಲ್ಲ. ಹೊಸಬರಿಗೆ ಕೊಡುವ ಕೈಪಿಡಿಯಲ್ಲಿ ಎರಡು ಸಾಲು ಇರಬೇಕಿತ್ತು: ಸೂಜಿ ಮುರಿದರೆ ಯಾರನ್ನು ಕರೆಯಬೇಕು ಎಂಬುದು ಒಂದು, ಅದಕ್ಕಾಗಿ ಹಣ ಹಿಡಿಯುವುದಿಲ್ಲ ಎಂಬುದು ಇನ್ನೊಂದು. ನನಗೆ ಎರಡನೆಯ ಸಾಲೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅದಿಲ್ಲದಿದ್ದರೆ ಮೊದಲನೆಯದನ್ನು ಓದಿದವರೂ ಪಾಲಿಸುವುದಿಲ್ಲ.

ಇಂಡಕ್ಷನ್ ಕೈಪಿಡಿ ಎಂಬ ಹೆಸರಿನಲ್ಲಿ ಕಂಪನಿಗಳು ಕೊಡುವ ಪುಸ್ತಕಗಳು ಸಾಮಾನ್ಯವಾಗಿ ಮಾಲೀಕರ ಭಾವಚಿತ್ರ, ಸಂಸ್ಥೆ ಬೆಳೆದು ಬಂದ ದಾರಿ, ಧ್ಯೇಯವಾಕ್ಯಗಳಿಂದ ಶುರುವಾಗುತ್ತವೆ. ಹೊಸಬರಿಗೆ ಮೊದಲ ದಿನ ಬೇಕಾಗಿರುವುದು ಅದಲ್ಲ. ಅವರ ತಲೆಯಲ್ಲಿ ಇರುವುದು ಪ್ರಶ್ನೆಗಳು. ಅದಕ್ಕೇ ಕೈಪಿಡಿಯ ಮೊದಲ ಪುಟ ‘ಯಾರನ್ನು ಕೇಳಬೇಕು’ ಎಂಬ ಪುಟವಾಗಿರಬೇಕು. ಆ ಪುಟವನ್ನು ವಿಭಾಗಗಳ ಹೆಸರಿನಿಂದ ಬರೆದರೆ ಉಪಯೋಗವಿಲ್ಲ. ‘ಎಚ್‌ಆರ್’, ‘ಕಂಪ್ಲಯನ್ಸ್’, ‘ಐಇ’ ಎಂದರೆ ಊರಿನಿಂದ ಬೆಳಗಿನ ವ್ಯಾನು ಹತ್ತಿ ಬಂದವಳಿಗೆ ಏನೂ ತಿಳಿಯುವುದಿಲ್ಲ. ‘ಪಂಚ್ ಮಾಡಿದರೂ ಹಾಜರಿ ಬಿದ್ದಿಲ್ಲ’, ‘ಮಗುವನ್ನು ಕ್ರೆಶ್‌ನಲ್ಲಿ ಬಿಡಬೇಕು’, ‘ನಾಳೆ ಬರಲಾಗುವುದಿಲ್ಲ’, ‘ಸೂಪರ್‌ವೈಸರ್ ಬಯ್ಯುತ್ತಾರೆ’ ಎಂದು ಅವಳ ಮಾತಿನಲ್ಲೇ ಬರೆದು, ಎದುರಿಗೆ ವ್ಯಕ್ತಿಯ ಹೆಸರು, ಕೂರುವ ಜಾಗ, ಸಿಗುವ ಹೊತ್ತು, ಫೋನ್ ನಂಬರ್ ಕೊಡಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಬಹುಪಾಲು ಕೈಪಿಡಿಗಳು ಎಲ್ಲ ಪ್ರಶ್ನೆಗೂ ‘ನಿಮ್ಮ ಸೂಪರ್‌ವೈಸರನ್ನು ಸಂಪರ್ಕಿಸಿ’ ಎಂದು ಬರೆದು ಮುಗಿಸುತ್ತವೆ. ಲೈನಿನ ಕೆಲಸಕ್ಕೆ ಅದು ಸರಿಯೇ. ಆದರೆ ತೊಂದರೆ ಕೊಡುತ್ತಿರುವವನೇ ಸೂಪರ್‌ವೈಸರ್ ಆಗಿದ್ದರೆ? ಪ್ರತಿ ಪ್ರಶ್ನೆಯ ಮುಂದೆ ಎರಡನೆಯ ಹೆಸರೊಂದು ಇರಲೇಬೇಕು, ಅದು ಮೊದಲನೆಯವರ ಕೈಕೆಳಗಿನವರದ್ದಾಗಿರಬಾರದು. ಕಾನೂನು ಈ ಎರಡನೆಯ ಬಾಗಿಲನ್ನು ಮೊದಲೇ ಒದಗಿಸಿದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಸಂಸ್ಥೆಯ ಹೊರಗಿನವರು. ಆ ಹೊರಗಿನವರು ಸಂಬಳಕ್ಕಾಗಿ ಇದೇ ಕಂಪನಿಯನ್ನು ನೆಚ್ಚಿಕೊಂಡವರಲ್ಲ. ಹೊಸಬಳಿಗೆ ಅವರ ನಂಬರ್ ತಿಳಿದಿರುವುದು ಬಹಳ ದೊಡ್ಡ ವಿಷಯ. ದೂರನ್ನು ಬರವಣಿಗೆಯಲ್ಲಿ, ಘಟನೆ ನಡೆದ ಮೂರು ತಿಂಗಳೊಳಗೆ ಕೊಡಬೇಕು. ಬರೆಯಲು ಬಾರದವಳಿಗೆ ಬರೆದುಕೊಡುವ ಹೊಣೆ ಸಮಿತಿಯದೇ. ಕೈಪಿಡಿಯಲ್ಲಿ ಕಾಯ್ದೆಯ ಇಂಗ್ಲಿಷ್ ಪಠ್ಯವನ್ನು ನಾಲ್ಕು ಪುಟ ಅಚ್ಚುಹಾಕುವುದಕ್ಕಿಂತ ಈ ಮಾತುಗಳನ್ನು ಕನ್ನಡದಲ್ಲಿ ಸರಳವಾಗಿ ಬರೆದರೆ ಸಾಕು. ಒಡಿಶಾ, ಜಾರ್ಖಂಡ್‌ಗಳಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರಿಗೆ ಅವರ ಭಾಷೆಯಲ್ಲಿ ಬೇಕು.

ಮೊದಲ ವಾರದ ಕೆಲಸಗಳಲ್ಲಿ ಹೊಲಿಗೆಗಿಂತ ಮುಖ್ಯವಾದದ್ದು ಕಾಗದಪತ್ರ. ಸೋಮವಾರ ಬೆಳಿಗ್ಗೆ ಗೇಟಿನ ಪಕ್ಕದ ಕೋಣೆಯಲ್ಲಿ ಒಂದರ ಮೇಲೊಂದು ಹಾಳೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ಏನಿದೆ ಎಂದು ಯಾರೂ ಓದುವುದಿಲ್ಲ. ಆದರೆ ಅಲ್ಲಿ ಬಿದ್ದ ಒಂದು ಅಕ್ಷರದ ತಪ್ಪು ಎಂಟು ವರ್ಷವಾದ ಮೇಲೆ ಮಗಳ ಮದುವೆಗೆ ಪಿಎಫ್ ಹಣ ತೆಗೆಯಲು ಹೋದಾಗ ಎದುರಾಗುತ್ತದೆ.

ಒಂದು ಉದಾಹರಣೆ ನೋಡೋಣ. ರಾಮನಗರದ ಕಡೆಯ ಹಳ್ಳಿಯೊಂದರಿಂದ ಬರುವ ಮೂವತ್ತರ ಹೆಂಗಸು ಎಂದಿಟ್ಟುಕೊಳ್ಳಿ. ಆಧಾರ್‌ನಲ್ಲಿ ಹೆಸರು ಲಕ್ಷ್ಮಮ್ಮ, ಬ್ಯಾಂಕಿನಲ್ಲಿ ಲಕ್ಷ್ಮಿ, ಜೊತೆಗೆ ಒಂದು ಇನಿಷಿಯಲ್. ಹುಟ್ಟಿದ ದಿನ ನೆನಪಿಲ್ಲದ್ದರಿಂದ ಆಧಾರ್‌ನಲ್ಲಿ ಜನವರಿ 1 ಎಂದಾಗಿದೆ, ಶಾಲೆಯ ಟಿಸಿಯಲ್ಲಿ ಬೇರೆ ತಾರೀಖಿದೆ. ಪಿಎಫ್ ಖಾತೆಯಲ್ಲಿ ಹೆಸರು, ಹುಟ್ಟಿದ ದಿನ, ಲಿಂಗ ಆಧಾರ್‌ನಲ್ಲಿರುವಂತೆಯೇ ಇರಬೇಕು. ಗುಮಾಸ್ತರು ಟಿಸಿ ನೋಡಿ ತುಂಬಿದರೆ ಅಲ್ಲಿಗೇ ಗಂಟು ಬೀಳುತ್ತದೆ. ಮೊದಲ ವಾರದಲ್ಲಾದರೆ ಇದನ್ನು ಸರಿಪಡಿಸಲು ಒಂದು ಮಾತು ಸಾಕು. ಕಾರ್ಖಾನೆ ಬಿಟ್ಟುಹೋದ ಮೇಲೆ ಹಳೆಯ ಮಾಲೀಕರ ಸಹಿಗಾಗಿ ಅಲೆಯಬೇಕಾಗಬಹುದು, ಅಷ್ಟರಲ್ಲಿ ಆ ಕಾರ್ಖಾನೆಯೇ ಮುಚ್ಚಿರಬಹುದು.

ಇದೇ ಹೆಂಗಸು ಮುಂಚೆ ಇನ್ನೊಂದು ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ದುಡಿದಿದ್ದರೆ ಅವಳಿಗೆ ಆಗಲೇ 12 ಅಂಕಿಗಳ ಯುಎಎನ್ ಇದೆ. ‘ಮುಂಚೆ ಎಲ್ಲೂ ಕೆಲಸ ಮಾಡಿಲ್ಲ’ ಎಂದು ಹೇಳಿದರೆ ಲೇಸು ಎಂದು ಯಾರೋ ಕಿವಿಯಲ್ಲಿ ಊದಿರುತ್ತಾರೆ. ಹಾಗೆ ಹೇಳಿದರೆ ಸೇವೆ ಎರಡು ತುಂಡಾಗುತ್ತದೆ. ಪಿಎಫ್ ಜೊತೆಗಿನ ಪಿಂಚಣಿಗೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಹಿಂದಿನ ನಾಲ್ಕು, ಇಲ್ಲಿನ ಆರು ಸೇರಿದರೆ ಹತ್ತು. ಸೇರದಿದ್ದರೆ ಎರಡೂ ಕಡೆ ಕಡಿಮೆಯೇ. ಕೈಪಿಡಿಯಲ್ಲಿ ‘ಹಳೆಯ ಪಿಎಫ್ ನಂಬರ್ ಇದ್ದರೆ ತನ್ನಿ, ಅದು ನಿಮ್ಮ ವರ್ಷಗಳನ್ನು ಉಳಿಸುತ್ತದೆ’ ಎಂಬ ಒಂದು ವಾಕ್ಯ ಇಲ್ಲಿ ಎಷ್ಟೋ ಕೆಲಸ ಮಾಡುತ್ತದೆ. ನಾಮಿನಿಯ ಹೆಸರನ್ನೂ ಇದೇ ವಾರ ತುಂಬಿಸಬೇಕು.

ಇಎಸ್‌ಐ ವಿಚಾರದಲ್ಲಿ ಹೊಸಬರು ತಪ್ಪು ತಿಳಿಯುವುದು ಹೆಚ್ಚು. ಚಿಕಿತ್ಸೆಯ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ ಇದೆ, ಮನೆಯವರಿಗೂ ಇದೆ. ಕೆಲಸದಲ್ಲಿ ಗಾಯವಾದರೆ ಸಿಗುವ ಪರಿಹಾರವೂ ಮೊದಲ ದಿನದಿಂದಲೇ. ಆದರೆ ಕಾಯಿಲೆಯಿಂದ ಮನೆಯಲ್ಲಿದ್ದಾಗ ಕೊಡುವ ಹಣ, ಅಂದರೆ ಕೂಲಿಯ 70%, ಹೊಸದಾಗಿ ಇಎಸ್‌ಐಗೆ ಬಂದವರಿಗೆ ಸುಮಾರು ಒಂಬತ್ತು ತಿಂಗಳು ಕಳೆದ ಮೇಲೆ, ಸಾಕಷ್ಟು ದಿನದ ವಂತಿಗೆ ಕಟ್ಟಿದ್ದರೆ ಮಾತ್ರ ಸಿಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಎರಡನೆಯ ತಿಂಗಳಲ್ಲಿ ಟೈಫಾಯ್ಡ್ ಬಂದು ಮಲಗಿದವಳು ದುಡ್ಡು ಬರುತ್ತದೆಂದು ನಂಬಿ ಸಾಲ ಮಾಡುತ್ತಾಳೆ. ಡಿಸ್ಪೆನ್ಸರಿಯನ್ನು ಆರಿಸುವಾಗ ಕಾರ್ಖಾನೆಯ ಹತ್ತಿರದ್ದೇ ಎಂದು ಬರೆಯುವ ರೂಢಿಯಿದೆ. ಮಕ್ಕಳಿಗೆ ಜ್ವರ ಬರುವುದು ಮನೆಯಲ್ಲಿ, ಹಾಗಾಗಿ ಮನೆಯ ಹತ್ತಿರದ್ದನ್ನು ಕೇಳಿ ಬರೆಸಬೇಕು.

ಸಂಬಳದ ಚೀಟಿಯನ್ನು ಮೊದಲ ತಿಂಗಳು ಬರುವವರೆಗೆ ಕಾಯದೆ ಕೈಪಿಡಿಯಲ್ಲೇ ಒಂದು ಮಾದರಿ ಹಾಕಿ ಬಿಡಿಸಿ ತೋರಿಸಬೇಕು. ಮೂಲವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಎಂದುಕೊಳ್ಳಿ. ಪಿಎಫ್ 12% ಅಂದರೆ 1,560 ಹೋಗುತ್ತದೆ, ಇಎಸ್‌ಐ 0.75% ಅಂದರೆ 98 ಹೋಗುತ್ತದೆ. ಕೈಗೆ ಬರುವುದು 11,342. ಕಂಪನಿ ತನ್ನ ಕಡೆಯಿಂದ ಪಿಎಫ್‌ಗೆ ಇನ್ನೊಂದು 1,560 ಹಾಕುತ್ತದೆ, ಅದರಲ್ಲಿ 1,083 ಪಿಂಚಣಿ ನಿಧಿಗೆ ಹೋಗುತ್ತದೆ. ಇದನ್ನು ನೋಡಿದವಳು ‘ಹದಿಮೂರು ಎಂದು ಹೇಳಿ ಹನ್ನೊಂದು ಕೊಟ್ಟರು’ ಎಂದು ಮೋಸಹೋದಂತೆ ಭಾವಿಸುವುದಿಲ್ಲ. ಬೇರೆ ಯಾವುದಾದರೂ ಕಡಿತ ಕಂಡರೆ ಅದು ಯಾವುದೆಂದು ಕೇಳಲೂ ಬರುತ್ತದೆ.

ಪಿಎಫ್ ಹಣ ಈ ಹೆಂಗಸರಿಗೆ ಎಷ್ಟು ಮುಖ್ಯ ಎಂಬುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ಕಣ್ಣಾರೆ ಕಂಡಿದೆ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ಸುದ್ದಿ ಹಬ್ಬಿದಾಗ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೆ, ಮೈಸೂರು ರಸ್ತೆಗೆ ಇಳಿದರು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಕೈಬಿಟ್ಟಿತು. ಅಂಥ ಹಣದ ವಿವರವನ್ನು ಕೈಪಿಡಿಯ ಕೊನೆಯ ಪುಟದ ಸಣ್ಣಕ್ಷರದಲ್ಲಿ ಮುಗಿಸುವುದು ನ್ಯಾಯವಲ್ಲ.

ಬೆಂಕಿಯ ಪುಟದಲ್ಲಿ ತುರ್ತುಬಾಗಿಲು, ಹಳದಿ ಗೆರೆಯ ದಾರಿ, ಹೊರಗೆ ಸೇರುವ ಜಾಗ ಇವೆಲ್ಲ ಚಿತ್ರದಲ್ಲಿ ಇರುತ್ತವೆ. ಅದರ ಜೊತೆಗೆ ಇರಬೇಕಾದ, ಆದರೆ ಹೆಚ್ಚಾಗಿ ಇಲ್ಲದ ಮಾತೊಂದಿದೆ. 2012ರ ನವೆಂಬರ್‌ನಲ್ಲಿ ಢಾಕಾ ಬಳಿಯ ತಾಜ್ರೀನ್ ಕಾರ್ಖಾನೆಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಅಲಾರಂ ಹೊಡೆದರೂ ಕೆಲಸ ಮುಂದುವರಿಸಿ ಎಂದು ಮೇಲಿನವರು ಹೇಳಿದ್ದನ್ನು ಬದುಕುಳಿದವರು ನೆನೆದರು. ಹಾಗಾಗಿ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬೇಕಾದ ವಾಕ್ಯ ಇದು: ಗಂಟೆ ಹೊಡೆದರೆ ಹೊರಡಲು ಯಾರ ಅನುಮತಿಯೂ ಬೇಡ. ಟಾರ್ಗೆಟ್ ತಲುಪದಿದ್ದರೆ ಬೈಗುಳ ಬೀಳುವ ಲೈನಿನಲ್ಲಿ ಕೂತವಳು ಈ ಮಾತನ್ನು ಸೂಪರ್‌ವೈಸರನ ಎದುರಿಗೇ, ಮೊದಲ ದಿನವೇ ಕೇಳಿಸಿಕೊಂಡಿರಬೇಕು.

ಕೈಪಿಡಿ ಕೆಲಸ ಮಾಡಿದೆಯೇ ಎಂದು ತಿಳಿಯಲು ಸಹಿ ಹಾಕಿದ ಹಾಳೆ ಸಾಕ್ಷಿಯಲ್ಲ. ಸಹಿ ಹಾಕಿದವರ ಪಟ್ಟಿ ತಪಾಸಣೆಗೆ ಬರುವ ಖರೀದಿದಾರರ ಪ್ರತಿನಿಧಿಗೆ ತೋರಿಸಲು ಆಗುತ್ತದೆ ಅಷ್ಟೇ. ಶನಿವಾರ ಮಧ್ಯಾಹ್ನ ಅವಳನ್ನು ಮಷೀನಿನಿಂದ ಎಬ್ಬಿಸಿ ಕೇಳಿ ನೋಡಬೇಕು: ಇಲ್ಲಿಂದ ಹತ್ತಿರದ ಎರಡನೆಯ ಬಾಗಿಲು ಎಲ್ಲಿದೆ? ನಾಳಿದ್ದು ಬರಲಾಗದಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ? ಸೂಪರ್‌ವೈಸರ್ ಕೈ ಹಿಡಿದು ಎಳೆದರೆ ಯಾರ ಹತ್ತಿರ ಹೋಗುತ್ತೀರಿ? ಈ ಕೊನೆಯ ಪ್ರಶ್ನೆಗೆ ಹೊಸಬಳು ಸುಮ್ಮನಾದರೆ ಕೈಪಿಡಿಯಲ್ಲಿ ಏನು ಬರೆದಿದ್ದರೂ ಅವಳಿಗೆ ಮುಟ್ಟಿಲ್ಲ ಎಂದರ್ಥ. ಕೇಳುವವರು ಅವಳ ಲೈನಿನವರಾಗಿರಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೈಪಿಡಿ ಬೇಗ ಹಳತಾಗುವುದು ಹೆಸರು, ನಂಬರುಗಳಲ್ಲಿ. ನಿಯಮ ವರ್ಷಗಟ್ಟಲೆ ಹಾಗೇ ಇರಬಹುದು, ಆದರೆ ಎಚ್‌ಆರ್‌ನ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋಗುತ್ತಾಳೆ, ಕ್ರೆಶ್‌ನ ಆಯಾ ಬದಲಾಗುತ್ತಾರೆ, ಸಮಿತಿಯ ಹೊರಗಿನ ಸದಸ್ಯೆಯ ಅವಧಿ ಮುಗಿಯುತ್ತದೆ. ಅದಕ್ಕಾಗಿ ‘ಯಾರನ್ನು ಕೇಳಬೇಕು’ ಎಂಬ ಪುಟವನ್ನು ಪುಸ್ತಕಕ್ಕೆ ಹೊಲಿಯದೆ ಬಿಡಿ ಹಾಳೆಯಾಗಿ ಇಡುವುದು ಲೇಸು. ಅದರ ಕೆಳಗೆ ತಿದ್ದಿದ ತಾರೀಖು ಇರಬೇಕು, ಅದನ್ನು ತಿದ್ದುವ ಹೊಣೆ ಒಬ್ಬರದೆಂದು ಬರೆದಿರಬೇಕು. ಪ್ರತಿ ಹೊಸ ತಂಡ ಬರುವ ಹಿಂದಿನ ದಿನ ಆ ಒಬ್ಬರು ಹಾಳೆಯಲ್ಲಿರುವ ಎಲ್ಲ ನಂಬರಿಗೂ ಒಮ್ಮೆ ಫೋನ್ ಮಾಡಿ, ಎತ್ತುವವರು ಅವರೇ ಹೌದೇ ಎಂದು ನೋಡಬೇಕು. ಕೆಲವೇ ನಿಮಿಷದ ಕೆಲಸ. ಅದೇ ಹಾಳೆಯ ಇನ್ನೊಂದು ಪ್ರತಿಯನ್ನು ಹೆಂಗಸರ ಶೌಚಾಲಯದ ಬಾಗಿಲಿನ ಒಳಬದಿಗೂ ಅಂಟಿಸಬೇಕು. ಯಾರ ಕಣ್ಣಿಗೂ ಬೀಳದೆ ನಂಬರ್ ಬರೆದುಕೊಳ್ಳಬಹುದಾದ ಜಾಗ ಕಾರ್ಖಾನೆಯಲ್ಲಿ ಅದೊಂದೇ.