ಶೂಟಿಂಗಿಗೆ ಮುನ್ನ ಐವರ ಕಿವಿಗೆ

ಚಳ್ಳಕೆರೆ ಸೀಮೆಯಲ್ಲಿ ಮರದ ಗಾಣ ನಡೆಸುವವರೊಬ್ಬರು ಕಡ್ಲೆಕಾಯಿ ಎಣ್ಣೆಗೆ ಒಂದು ನಿಮಿಷದ ಜಾಹೀರಾತು ವಿಡಿಯೋ ಬೇಕು ಎಂದು ನನ್ನ ಬಳಿ ಬಂದಿದ್ದರು. ಅವರ ಗಿರಾಕಿಗಳು ಹೆಚ್ಚಾಗಿ ದಾವಣಗೆರೆಯವರು. ನಾನು ಬರೆದುಕೊಟ್ಟ ಸ್ಕ್ರಿಪ್ಟು ಅವರಿಗೂ ಹಿಡಿಸಿತು, ನನಗೂ ಹಿಡಿಸಿತ್ತು. ಮುಂಜಾವಿನ ಮಂಜಿನಲ್ಲಿ ಎತ್ತು ಗಾಣ ಸುತ್ತುತ್ತದೆ, ಅಜ್ಜಿ ಮೊಮ್ಮಗಳಿಗೆ ಬಿಸಿ ರೊಟ್ಟಿಯ ಮೇಲೆ ಎಣ್ಣೆ ಬಿಟ್ಟು ಕೊಡುತ್ತಾಳೆ, ಕೊನೆಗೆ ಬಾಟಲಿ, ಬೆಲೆ, ಫೋನ್ ನಂಬರು. ಕ್ಯಾಮೆರಾ, ಲೈಟು, ಎತ್ತಿನ ಬಾಡಿಗೆ, ಅಜ್ಜಿಯ ಪಾತ್ರದವರ ಸಂಭಾವನೆ ಎಲ್ಲ ಸೇರಿ ಒಂದು ದಿನದ ಚಿತ್ರೀಕರಣಕ್ಕೆ 60,000 ರೂಪಾಯಿ ಲೆಕ್ಕ ಹಾಕಿದ್ದೆವು. ಮುಂಗಡ ಕೊಡುವ ಮೊದಲು ಐದು ದಿನ ಕೊಡಿ, ಐದು ಜನ ಗಿರಾಕಿಗಳಿಗೆ ಇದನ್ನು ಕೇಳಿಸಿ ಬರುತ್ತೇನೆ ಎಂದೆ.

ಐದೇ ಏಕೆ ಎಂದು ಅವರು ಕೇಳಿದರು. ವೆಬ್‌ಸೈಟುಗಳನ್ನು ಬಳಕೆದಾರರ ಮುಂದಿಟ್ಟು ಪರೀಕ್ಷಿಸುವ ಕೆಲಸದಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲಿ ಈ ಸಂಖ್ಯೆಯನ್ನು ಜನಪ್ರಿಯಗೊಳಿಸಿದರು. ಲೆಕ್ಕ ಸರಳ. ಒಂದು ತೊಡಕು ಮೂವರಲ್ಲಿ ಸುಮಾರು ಒಬ್ಬರನ್ನು ಎಡವಿಸುವಂಥದ್ದಾದರೆ, ಐವರಲ್ಲಿ ಒಬ್ಬರಾದರೂ ಅದಕ್ಕೆ ಎಡವುವ ಸಾಧ್ಯತೆ ಶೇ. 85ರ ಆಸುಪಾಸು. ಆರನೆಯವರಿಂದ ಮುಂದೆ ಕೇಳಿದ್ದೇ ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಹತ್ತರಲ್ಲಿ ಒಬ್ಬರನ್ನು ಮಾತ್ರ ಕಾಡುವ ತೊಡಕು ಐವರಲ್ಲಿ ಕಾಣಿಸುವ ಸಾಧ್ಯತೆ ಶೇ. 41 ಅಷ್ಟೆ. ಹಾಗಾಗಿ ಐದು ಜನ ಸಿಗುವುದು ದೊಡ್ಡ ಗುಂಡಿಗಳನ್ನು ಹುಡುಕಲಿಕ್ಕೆ. ಐವರಲ್ಲಿ ನಾಲ್ವರು ಮೆಚ್ಚಿದರು ಎಂದು ಊರಿನ ಶೇ. 80 ಮಂದಿ ಎಣ್ಣೆ ಕೊಳ್ಳುತ್ತಾರೆ ಎಂದು ಹೇಳಲು ಬರುವುದಿಲ್ಲ.

ಆ ಐವರು ಯಾರು ಎಂಬುದರಲ್ಲೇ ಅರ್ಧ ಕೆಲಸ ಇದೆ. ಮಾಲೀಕರು ತಮ್ಮ ಷಡ್ಡಕನ ಮನೆಯಿಂದಲೇ ಶುರು ಮಾಡೋಣ ಎಂದಿದ್ದರು. ನೆಂಟರು ಬೇಡ, ಅಂಗಡಿಯ ಹುಡುಗರು ಬೇಡ, ಜಾಹೀರಾತು ಕೆಲಸದವರಂತೂ ಬೇಡ ಎಂದೆ. ಬಿಲ್ ಪುಸ್ತಕ ತೆಗೆಸಿ, ತಿಂಗಳು ತಿಂಗಳು ಒಯ್ಯುವ ಇಬ್ಬರನ್ನು ಆರಿಸಿದೆವು. ಬೆಲೆ ಕೇಳಿ ವಾಪಸು ಹೋಗಿದ್ದ ಇಬ್ಬರ ನಂಬರು ಅಂಗಡಿಯಲ್ಲಿತ್ತು. ಐದನೆಯವರು ಒಮ್ಮೆ ಒಂದು ಲೀಟರ್ ಒಯ್ದು ಮತ್ತೆಂದೂ ಬಾರದ ಗೃಹಿಣಿ. ಇಂಥವರನ್ನು ಒಪ್ಪಿಸುವುದು ಕಷ್ಟ, ಆದರೆ ಇವರನ್ನು ಬಿಟ್ಟರೆ ಪರೀಕ್ಷೆಯ ಸಾರವೇ ಹೋಗುತ್ತದೆ.

ಸ್ಕ್ರಿಪ್ಟನ್ನು ಹಾಳೆಯಲ್ಲಿ ಕೊಟ್ಟು ಓದಿಸಬಾರದು. ಓದುವವರು ಅರ್ಥವಾಗದ ಸಾಲಿಗೆ ಹಿಂದಿರುಗುತ್ತಾರೆ, ನೋಡುಗರಿಗೆ ಆ ಸೌಕರ್ಯವಿಲ್ಲ. ನಾನೇ ಎದುರಿಗೆ ಕೂತು ಅಭಿನಯಿಸಿ ಓದುವುದೂ ತಪ್ಪು, ಓದುವವರ ಜಾಣತನ ಬರಹದ ಹುಳುಕನ್ನು ಮುಚ್ಚಿಬಿಡುತ್ತದೆ. ಮಾತನ್ನೆಲ್ಲ ಸಪಾಟು ದನಿಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ದೃಶ್ಯಗಳಿಗೆ ಪೆನ್ಸಿಲಿನಲ್ಲಿ ಗೀಚಿದ ಎಂಟು ಚಿತ್ರಗಳು. ಚಿತ್ರ ಒರಟಾಗಿದ್ದಷ್ಟೂ ಒಳ್ಳೆಯದು, ಅಂದವಾಗಿ ಬರೆದು ಒಯ್ದರೆ ಇಷ್ಟು ಕಷ್ಟಪಟ್ಟಿದ್ದಾರಲ್ಲ ಎಂದು ಜನ ತಪ್ಪು ಹೇಳಲು ಹಿಂಜರಿಯುತ್ತಾರೆ.

ಐವರನ್ನೂ ಒಟ್ಟಿಗೆ ಕೂರಿಸಲಿಲ್ಲ. ಗುಂಪಿನಲ್ಲಿ ಮೊದಲು ಬಾಯಿ ತೆರೆದವರ ಮಾತಿಗೆ ಉಳಿದವರು ತಲೆಯಾಡಿಸುತ್ತಾರೆ. ಒಬ್ಬೊಬ್ಬರ ಮನೆಗೆ ಹೋಗಿ, ಇಪ್ಪತ್ತು ನಿಮಿಷ ಕೂತು, ಒಂದೇ ಸಲ ಕೇಳಿಸಿದೆ. ಆಮೇಲೆ ಚೆನ್ನಾಗಿದೆಯಾ ಎಂದು ಕೇಳಲಿಲ್ಲ. ಮನೆಗೆ ಬಂದವರ ಮುಖ ನೋಡಿಕೊಂಡು ಚೆನ್ನಾಗಿಲ್ಲ ಎನ್ನುವವರು ನಮ್ಮಲ್ಲಿ ಕಡಿಮೆ. ನಾನು ಕೇಳಿದ್ದು ಇಷ್ಟು: "ಈಗ ಕೇಳಿದ್ದನ್ನ ನಿಮ್ಮ ತಂಗಿಗೆ ಫೋನಲ್ಲಿ ಹೇಳಬೇಕು ಅಂದ್ರೆ ಏನಂತ ಹೇಳ್ತೀರಿ?" ಅವರು ಆಡಿದ ಮಾತನ್ನು ತಿದ್ದದೆ, ಆಡಿದ ಹಾಗೆಯೇ ಬರೆದುಕೊಂಡೆ. ಎರಡನೇ ಸಲ ಕೇಳಿಸುವಾಗ, ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಕೈ ಎತ್ತಿ ಎಂದೆ. ಕೊನೆಗೆ, ಹಿಂದಿನ ಸಲ ಎಣ್ಣೆ ತಂದದ್ದು ಎಲ್ಲಿಂದ, ಏನೇನು ನೋಡಿ ತಂದಿರಿ ಎಂಬ ಮಾತು. ಮುಂದೆ ಕೊಳ್ಳುತ್ತೀರಾ ಎಂಬುದಕ್ಕೆ ಸಿಗುವ ಉತ್ತರಕ್ಕಿಂತ ಹಿಂದೆ ಮಾಡಿದ್ದರ ವಿವರ ನಂಬಿಕಸ್ಥ.

ಮೊದಲ ಪೆಟ್ಟು "ಶೀತಲ ವಿಧಾನದಲ್ಲಿ ತೆಗೆದ ಎಣ್ಣೆ" ಎಂಬ ಸಾಲಿಗೆ ಬಿತ್ತು. ಬಿಸಿ ಏರದಂತೆ ನಿಧಾನವಾಗಿ ಅರೆದದ್ದು ಎಂದು ಹೇಳುವುದು ನನ್ನ ಉದ್ದೇಶ. ಐವರಲ್ಲಿ ಮೂವರು, ಈ ಎಣ್ಣೆಯನ್ನು ಫ್ರಿಜ್ಜಿನಲ್ಲಿ ಇಡಬೇಕಂತೆ ಎಂದು ತಂಗಿಗೆ ಹೇಳಿದರು. "ಸಂಸ್ಕರಣೆ ಮಾಡದ" ಎಂಬಲ್ಲಿ ಒಬ್ಬರು ಕೈ ಎತ್ತಿದರು: "ಅಂದ್ರ ಕ್ಲೀನ್ ಮಾಡಿರಲ್ಲೇನ್ರಿ?" ಇಂಥ ತಪ್ಪು ಒಬ್ಬರಿಗೆ ಆದರೂ ಸಾಕು, ಪದ ಬದಲಿಸಬೇಕು. ಹಾಳೆಯ ಮೇಲೆ ಪದ ಬದಲಿಸಲು ಖರ್ಚಿಲ್ಲ.

ಎತ್ತಿನ ದೃಶ್ಯವನ್ನು ನಾಲ್ವರು ಮರುಹೇಳುವಾಗ ಎತ್ತಲೇ ಇಲ್ಲ. ಐದನೆಯವರು ಎತ್ತಿದರು, ಅದೇ ಹೆಚ್ಚು ನೋಯಿಸಿತು: "ಈಗಲೂ ಎತ್ತು ಕಟ್ಟಿದೀರಾ? ಮಕ್ಕಳನ್ನ ಕರ್ಕೊಂಡು ನೋಡೋಕ್ ಬರ್ತೀವಿ." ಆ ಗಾಣ ತಿರುಗುವುದು ಕರೆಂಟಿನ ಮೋಟಾರಿನಿಂದ. ಚಂದಕ್ಕೆಂದು ಬರೆದದ್ದನ್ನು ಆಕೆ ಮಾತು ಕೊಟ್ಟ ಹಾಗೆ ತೆಗೆದುಕೊಂಡಿದ್ದರು, ಅದು ಆಕೆಯ ತಪ್ಪಲ್ಲ.

ನಿಜವಾಗಿ ಸ್ಕ್ರಿಪ್ಟನ್ನು ಬುಡಮೇಲು ಮಾಡಿದವರು ಒಮ್ಮೆ ಒಯ್ದು ಮತ್ತೆ ಬಾರದ ಆ ಗೃಹಿಣಿ. "ಮಿರ್ಚಿ ಬಿಟ್ಟೆ ನೋಡ್ರಿ, ನೊರೆ ಬಾಣಲಿ ತುಂಬ ಉಕ್ಕಿ ಬಂತು. ಹೆದರಿ ಒಲೆ ಆರಿಸ್ದೆ. ಬಾಟ್ಲಿ ತಳದಾಗೆ ಮಡ್ಡಿ ಬೇರೆ. ಏನೋ ಕಲಬೆರಕೆ ಅಂದ್ಕೊಂಡೆ." ರಿಫೈನ್ಡ್ ಎಣ್ಣೆಯಿಂದ ತೆಗೆದುಹಾಕುವ ಅಂಟು ಪದಾರ್ಥ ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ, ಹಸಿ ಹಿಟ್ಟು ಬಿದ್ದಾಗ ಅದೇ ನೊರೆ ಎಬ್ಬಿಸುತ್ತದೆ. ತಳದ ಮಡ್ಡಿ ಕಡ್ಲೆಯ ನುಣ್ಣನೆ ಪುಡಿ. ಗಾಣದವರಿಗೆ ಇದು ದಿನನಿತ್ಯದ ಸಂಗತಿಯಾದ್ದರಿಂದ ನನಗೆ ಹೇಳಬೇಕೆಂದು ಅವರಿಗೆ ತೋಚಿರಲಿಲ್ಲ, ಕೇಳಬೇಕೆಂದು ನನಗೂ ತೋಚಿರಲಿಲ್ಲ. ಆಮೇಲೆ ಟಿಪ್ಪಣಿ ತಿರುವಿದರೆ, ಖಾಯಂ ಗಿರಾಕಿಯೊಬ್ಬರೂ "ಕರಿಯೋಕೆ ಬೇರೆ ಎಣ್ಣೆ ಇಟ್ಕೊಂಡಿದೀನಿ" ಎಂದದ್ದು ಅಲ್ಲೇ ಇತ್ತು. ಆಗ ಅದರ ಅರ್ಥ ನನಗೆ ಹೊಳೆದಿರಲಿಲ್ಲ.

ಸಂಜೆ ಒಂದು ದೊಡ್ಡ ಹಾಳೆಯಲ್ಲಿ ಸ್ಕ್ರಿಪ್ಟಿನ ಸಾಲುಗಳನ್ನು ಎಡಕ್ಕೆ ಬರೆದು, ಐವರಿಗೆ ಐದು ಕಲಂ ಎಳೆದೆ. ಯಾರು ಎಲ್ಲಿ ಎಡವಿದರೋ ಅಲ್ಲಿ ಗುರುತು. ಅಜ್ಜಿಗೆ ಇಳಕಲ್ ಸೀರೆ ಉಡಿಸಿ, ಹಿಂದೆ ಕೊಳಲು ಇರಲಿ ಎಂಬಂಥ ಸಲಹೆಗಳನ್ನು ಬದಿಯಲ್ಲಿ ಬರೆದಿಟ್ಟು ಬಿಟ್ಟೆ. ಅವು ಒಬ್ಬೊಬ್ಬರ ರುಚಿ. ಬೆಲೆ ಕೇಳಿ ಹೋದ ಇಬ್ಬರೂ ಬೆಲೆ ಹೇಳಲೇಬೇಡಿ ಎಂದಿದ್ದರು. ಅವರು ಸೂಚಿಸಿದ ದಾರಿ ಹಿಡಿಯಲಿಲ್ಲ, ಅದರ ಹಿಂದಿನ ಕಷ್ಟವನ್ನಷ್ಟೇ ತೆಗೆದುಕೊಂಡೆ. ಇಷ್ಟು ದುಬಾರಿ ಏಕೆಂದು ಅವರಿಗೆ ತಿಳಿದಿರಲಿಲ್ಲ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಕಡ್ಲೆಬೀಜ ಬೇಕು ಎಂಬ ಒಂದು ಸಾಲು ಬೆಲೆಗಿಂತ ಮುಂಚೆ ಬಂತು.

ತಿದ್ದಿದ ಸ್ಕ್ರಿಪ್ಟನ್ನು ಅದೇ ಐವರಿಗೆ ಕೇಳಿಸಲಿಲ್ಲ. ಅವರಿಗೆ ವಿಷಯ ಆಗಲೇ ಗೊತ್ತು, ಅವರು ಇನ್ನು ಎಡವುವುದಿಲ್ಲ. ಹೊಸ ಮೂವರನ್ನು ಹುಡುಕಿದೆ. ಮಿರ್ಚಿ ಅಂಗಡಿಗಳಿಗೂ ಈ ಎಣ್ಣೆ ಮಾರುವ ಯೋಚನೆ ಮಾಲೀಕರಿಗಿತ್ತು. ಅಂಗಡಿಯವರದು ಬೇರೆಯೇ ಗುಂಪು, ಅವರಲ್ಲಿ ಮೂರ್ನಾಲ್ಕು ಮಂದಿಯನ್ನು ಪ್ರತ್ಯೇಕವಾಗಿ ಕೇಳದೆ ಅವರಿಗಾಗಿ ಒಂದು ಸಾಲೂ ಬರೆಯಬಾರದು ಎಂದು ಅದನ್ನು ಮುಂದಕ್ಕೆ ಹಾಕಿದೆವು. ಅಜ್ಜಿಯ ಮುಖ ಹೇಗೆ ಕಾಣುತ್ತದೆ, ಸಂಗೀತ ಎಲ್ಲಿ ಏರಬೇಕು ಎಂಬಂಥವನ್ನು ಪೆನ್ಸಿಲ್ ಚಿತ್ರ ಹೇಳಲಾರದು. ಅವು ಚಿತ್ರೀಕರಣದ ದಿನದ ಪಾಲಿಗೆ ಉಳಿದವು.

ಹೊಸ ವಿಡಿಯೋ ಬಾಟಲಿಯ ತಳದಿಂದ ಶುರುವಾಗುತ್ತದೆ. "ಇದು ಕಲಬೆರಕೆ ಅಲ್ಲ, ಕಡ್ಲೆಯ ಪುಡಿ" ಎಂಬುದು ಮೊದಲ ಮಾತು. ಆಮೇಲೆ ಆಳವಾದ ಬಾಣಲೆ, ಅದರಲ್ಲಿ ಅರ್ಧಕ್ಕಿಂತ ಕಡಿಮೆ ಎಣ್ಣೆ, ಸಣ್ಣ ಉರಿ. ಅಜ್ಜಿ ಮಿರ್ಚಿ ಬಿಡುತ್ತಾಳೆ, ನೊರೆ ಏರಿ ಅಂಚಿನ ಕೆಳಗೇ ನಿಂತು ಇಳಿಯುತ್ತದೆ. ಎತ್ತಿನ ಬಾಡಿಗೆಗೆ ತೆಗೆದಿಟ್ಟ ಹಣದಲ್ಲಿ ಆ ನೊರೆಯನ್ನು ಹತ್ತಿರದಿಂದ ಹಿಡಿಯಲು ಒಂದು ಲೆನ್ಸ್ ಬಾಡಿಗೆಗೆ ತಂದೆವು.